ಬಾಡಿಗೆ ಕರಾರಿಗೆ ಸಹಿ ಹಾಕೋ ಮೊದಲು ನಾನು ಕೇಳಿದ್ದು ಏಪ್ರಿಲ್ ತಿಂಗಳ ರಸೀದಿ

ಬಳ್ಳಾರಿಯಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿಯುವವರು ಮೇಂಟೆನೆನ್ಸ್ ಎಷ್ಟು ಅಂತ ಕೇಳಿ ಸುಮ್ಮನಾಗುತ್ತಾರೆ. ಎರಡು ಸಾವಿರ ಚಿಲ್ಲರೆ ಅಂತಾರೆ, ಸರಿ ಅಂತೀವಿ. ಆದರೆ ಇಲ್ಲಿ ಚಳಿಗಾಲದ ಮೇಂಟೆನೆನ್ಸ್ ಬೇರೆ, ಬೇಸಿಗೆಯದ್ದು ಬೇರೆ. ನಲ್ಲಿ ನೀರು ದಿನಾ ಬರುವ ಊರಲ್ಲ ಇದು, ಬೇಸಿಗೆಯಲ್ಲಿ ಬೋರ್ ಕೈಕೊಟ್ಟರೆ ಟ್ಯಾಂಕರೇ ಗತಿ. ಆ ಟ್ಯಾಂಕರ್ ದುಡ್ಡು ಯಾರ ತಲೆಗೆ ಅನ್ನೋದನ್ನ ಮನೆ ತೋರಿಸುವಾಗ ಬ್ರೋಕರ್ ಹೇಳಲ್ಲ, ಓನರ್ ಕೂಡ ತಾನಾಗಿ ಹೇಳಲ್ಲ.

ನನಗೆ ತೋರಣಗಲ್ಲಿನಲ್ಲಿ ಕೆಲಸ. ಮಕ್ಕಳ ಶಾಲೆ ನೋಡಿಕೊಂಡು ಬಳ್ಳಾರಿಯಲ್ಲೇ ಮನೆ ಹುಡುಕಿದೆವು. ಗಾಂಧಿನಗರದ ಕಡೆ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಹಿಡಿಸಿತು. 1,050 ಚದರ ಅಡಿ, ಬಾಡಿಗೆ 12,000. ಮೇಂಟೆನೆನ್ಸ್ ಚದರ ಅಡಿಗೆ 2 ರೂಪಾಯಿಯಂತೆ 2,100. "ನೀರು, ಲಿಫ್ಟು ಎಲ್ಲಾ ಅದ್ರಾಗೇ ಬರ್ತೈತ್ರಿ, ನೀವು ತಲೆ ಕೆಡಿಸ್ಕೋಬ್ಯಾಡ್ರಿ" ಅಂದರು ಓನರ್. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಆ ಮನೆಯಲ್ಲಿ ಅವರು ಯಾವತ್ತೂ ಇದ್ದವರಲ್ಲ, ಅಷ್ಟೇ.

ನಾನು ಎರಡು ರಸೀದಿ ಕೇಳಿದೆ. ಸಂಘದವರು ಜನವರಿಗೆ ಕೊಟ್ಟಿದ್ದು ಒಂದು, ಏಪ್ರಿಲ್‌ನದ್ದು ಒಂದು. ಜನವರಿಯದ್ದರಲ್ಲಿ ಬರೀ 2,100. ಏಪ್ರಿಲ್‌ನದ್ದರಲ್ಲಿ ಕೆಳಗೆ ಇನ್ನೂ ಎರಡು ಸಾಲು ಇದ್ದವು: ಟ್ಯಾಂಕರ್ ಪಾಲು 980, ಪೇಂಟಿಂಗ್ ಫಂಡ್ 1,000. ಒಟ್ಟು 4,080. ಅಂದರೆ ಹೆಚ್ಚುಕಮ್ಮಿ ಡಬಲ್.

ಈ 980 ಎಲ್ಲಿಂದ ಬಂತು ಅಂತ ಸಂಘದ ಕಾರ್ಯದರ್ಶಿಯವರನ್ನೇ ಕೇಳಿದೆ. ಆ ತಿಂಗಳು 28 ಟ್ಯಾಂಕರ್ ತರಿಸಿದ್ದರು, ಒಂದಕ್ಕೆ 700. ಒಟ್ಟು 19,600. ಅದನ್ನು 20 ಫ್ಲ್ಯಾಟಿಗೆ ಸಮನಾಗಿ ಹಂಚಿದ್ದಾರೆ. ತಲೆ ಲೆಕ್ಕ ಇಲ್ಲ, ಮನೆ ಲೆಕ್ಕ. ನಾಲ್ಕು ಜನ ಇರೋ ನಾವೂ ಅಷ್ಟೇ ಕೊಡಬೇಕು, ಎಂಟು ಜನ ಇರೋ ಮನೆಯವರೂ ಅಷ್ಟೇ. ಇದು ನ್ಯಾಯವಾ ಅಂದರೆ ಅಲ್ಲ, ಆದರೆ ಪ್ರತಿ ಮನೆಗೂ ನೀರಿನ ಮೀಟರ್ ಇಲ್ಲದ ಬಿಲ್ಡಿಂಗಿನಲ್ಲಿ ಬೇರೆ ದಾರಿಯೂ ಇಲ್ಲ.

ಆಮೇಲೆ ಓನರ್ ಹತ್ತಿರ ಕೂತು ಒಂದೊಂದೇ ಸಾಲು ಮಾತಾಡಿದೆವು. ನಾನು ಹಿಡಿದುಕೊಂಡ ಲೆಕ್ಕ ಸರಳ: ಬಳಸಿದ್ದಕ್ಕೆ ನಾನು ಕೊಡ್ತೀನಿ, ಆಸ್ತಿಗೆ ಹಾಕೋದನ್ನ ನೀವು ಕೊಡಿ. ವಾಚ್‌ಮನ್ ಸಂಬಳ, ಕಸ ಗುಡಿಸೋದು, ಲಿಫ್ಟ್ ಮತ್ತು ಮೋಟರಿನ ಕಾಮನ್ ಮೀಟರ್ ಬಿಲ್ಲು, ಟ್ಯಾಂಕರ್ ಪಾಲು ನನ್ನದು. ಪೇಂಟಿಂಗ್ ಫಂಡ್, ಲಿಫ್ಟ್ ಬದಲಾಯಿಸೋದು, ಹೊಸ ಬೋರ್ ಕೊರೆಸೋದು, ಆಸ್ತಿ ತೆರಿಗೆ ಅವರದು. ನಾನು ಹನ್ನೊಂದು ತಿಂಗಳಿಗೆ ಬಂದವನು, ಬಿಲ್ಡಿಂಗಿಗೆ ಬಣ್ಣ ಬಳಿದರೆ ಬೆಲೆ ಏರೋದು ಅವರ ಮನೆಗೆ ಅಲ್ವಾ? ಇದಕ್ಕೆ ಅವರು ತಕರಾರು ಮಾಡಲಿಲ್ಲ.

ಎಳೆದಾಟ ಆಗಿದ್ದು ಒಂದೇ ಕಡೆ. ಬೋರಿನ ಮೋಟರ್ ಸುಟ್ಟುಹೋಗಿ, ಸಂಘದವರು ಅದನ್ನ ರಿಪೇರಿ ಮಾಡಿಸದೆ ತಿಂಗಳುಗಟ್ಟಲೆ ಟ್ಯಾಂಕರ್ ತರಿಸಿದರೆ? ನೀರು ಬಳಸೋದು ನಾನೇ, ನಿಜ. ಆದರೆ ಖರ್ಚು ಹುಟ್ಟಿದ್ದು ರಿಪೇರಿ ಮಾಡಿಸದೆ ಇದ್ದದ್ದರಿಂದ, ಸಂಘದ ಮೀಟಿಂಗಿನಲ್ಲಿ ಕೂತು ಕೇಳೋ ಹಕ್ಕು ಇರೋದು ಓನರಿಗೆ. ಕೊನೆಗೆ ಹೀಗೆ ಬರೆದೆವು: ಟ್ಯಾಂಕರ್ ಪಾಲು ತಿಂಗಳಿಗೆ 1,000ದವರೆಗೆ ಬಾಡಿಗೆದಾರರದು, ಅದರ ಮೇಲೆ ಬಂದಿದ್ದು ಇಬ್ಬರಿಗೂ ಅರ್ಧರ್ಧ. ಮಿತಿ ಹಾಕಿಕೊಂಡರೆ ಓನರ್ ಕೂಡ ಮೀಟಿಂಗಿಗೆ ಹೋಗಿ ಮೋಟರ್ ಏನಾಯ್ತು ಅಂತ ಕೇಳ್ತಾರೆ. ಜನರೇಟರ್ ಡೀಸೆಲ್ ವಿಷಯದಲ್ಲಿ ಮಾತ್ರ ಅವರು ಒಪ್ಪಲಿಲ್ಲ, ಪೂರ್ತಿ ನನ್ನ ಮೇಲೇ ಬಿತ್ತು. ಇರಲಿ ಬಿಡಿ ಅಂದೆ.

ಇನ್ನೊಂದು ವಿಷಯ. ಸಂಘದ ಲೆಕ್ಕದಲ್ಲಿ ಬಾಕಿ ನಿಲ್ಲೋದು ಓನರ್ ಹೆಸರಲ್ಲಿ, ಬಾಡಿಗೆದಾರನ ಹೆಸರಲ್ಲಲ್ಲ. ಆದರೂ ಹಳೇ ಬಾಕಿ ಇದ್ದರೆ ಬಾಗಿಲು ತಟ್ಟೋದು ನಮ್ಮ ಮನೆಯದ್ದೇ. ಅದಕ್ಕೆ ಆ ಫ್ಲ್ಯಾಟಿನ ಬಾಕಿ ಏನೂ ಇಲ್ಲ ಅಂತ ಕಾರ್ಯದರ್ಶಿಯವರ ಕೈಲಿ ಒಂದು ಚೀಟಿ ಬರೆಸಿಕೊಂಡೆ. ಮೇಂಟೆನೆನ್ಸನ್ನ ಓನರ್ ಕೈಗೆ ಕೊಡದೆ ನೇರ ಸಂಘದ ಖಾತೆಗೇ ಹಾಕಿ ರಸೀದಿ ಓನರಿಗೆ ಕಳಿಸೋದು ಅಂತಲೂ ಕರಾರಿನಲ್ಲಿ ಸೇರಿಸಿದೆವು.

ಕರೆಂಟಿನ ವಿಷಯ ಸುಲಭ ಅಂತ ಕಾಣುತ್ತೆ, ಪ್ರತಿ ಫ್ಲ್ಯಾಟಿಗೂ ಜೆಸ್ಕಾಂ ಮೀಟರ್ ಇರುತ್ತಲ್ಲ. ಆದರೆ ಬಿಲ್ಲು ಓನರ್ ಹೆಸರಲ್ಲಿ, ಹಳೇ ಬಾಕಿ ಆ ಆರ್‌ಆರ್ ನಂಬರಿಗೆ ಅಂಟಿಕೊಂಡಿರುತ್ತೆ. ಕಟ್ಟದಿದ್ದರೆ ಒಳಗೆ ಯಾರಿದ್ದಾರೆ ಅಂತ ನೋಡದೆ ಫ್ಯೂಸ್ ಕಿತ್ತುಕೊಂಡು ಹೋಗ್ತಾರೆ. ಹಾಗಾಗಿ ಕೊನೇ ಬಿಲ್ಲು ಇಸ್ಕೊಂಡೆ. ಬೀಗದ ಕೈ ಕೊಡುವ ದಿನ ಓನರನ್ನ ಜೊತೆಗೆ ಕರ್ಕೊಂಡು ಮೀಟರ್ ಹತ್ತಿರ ನಿಂತೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ: ತಾರೀಖು, ಟೈಮು, ಲೋಡು, ಆಮೇಲೆ ಯೂನಿಟ್. ಪಕ್ಕದಲ್ಲಿ kWh ಅಂತ ಕಾಣೋವರೆಗೂ ಕಾದು ಫೋಟೋ ತೆಗೆಯಬೇಕು. ಅವಸರ ಮಾಡಿದರೆ ಟೈಮಿನ ಫೋಟೋ ಸಿಗುತ್ತೆ ಅಷ್ಟೇ. ಆ ಅಂಕಿಯನ್ನ ಕರಾರಿನಲ್ಲೇ ಬರೆದೆವು.

ಗೃಹಜ್ಯೋತಿ ಇದೆಯಲ್ಲ, ಕರೆಂಟು ಫ್ರೀ ಅಂತ ಓನರ್ ಅಂದರು. ಅಲ್ಲೂ ಒಂದು ಪೇಚಿದೆ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಅದನ್ನ ಬಿಡಿಸಬೇಕು, ಆಮೇಲೆ ನಮ್ಮದನ್ನ ಸೇರಿಸಬೇಕು. ಸೇವಾಸಿಂಧುವಿನಲ್ಲಿ ಎರಡೂ ಆಗುತ್ತೆ. ಉಚಿತ ಸಿಗೋದು ಕೂಡ ಎಲ್ಲರಿಗೂ 200 ಯೂನಿಟ್ ಅಲ್ಲ, ಆ ಮೀಟರಿನ 2022-23ರ ಸರಾಸರಿ, ಅದರ ಮೇಲೆ ಶೇಕಡ 10. ಸರಾಸರಿ 90 ಇದ್ದರೆ 99 ಯೂನಿಟ್ ಅನ್ನಿ. 150 ಸುಟ್ಟರೆ ಮೇಲಿನ 51ಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಬಳ್ಳಾರಿ ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು 200ರೊಳಗೆ ಇರ್ತೀನಿ ಅನ್ನೋರಿಗೆ ನನ್ನದೊಂದು ನಮಸ್ಕಾರ.

ಜೆಸ್ಕಾಂನಿಂದ ಒಮ್ಮೊಮ್ಮೆ ಹೆಚ್ಚುವರಿ ಠೇವಣಿ ಕಟ್ಟಿ ಅಂತ ನೋಟಿಸ್ ಬರುತ್ತೆ. ಆ ದುಡ್ಡು ಓನರ್ ಹೆಸರಲ್ಲೇ ಕೂರುತ್ತೆ, ಅವರಿಗೇ ವಾಪಸ್ ಬರುತ್ತೆ. ಹಾಗಾಗಿ ಅದು ಅವರದು ಅಂತ ಒಂದು ಸಾಲು ಹಾಕಿಸಿದೆ. ಇದನ್ನ ಓನರ್ ಮೊದಲ ಸಲ ಕೇಳ್ತಿದ್ದರು.

ಗ್ಯಾಸಿಗೆ ಜಾಸ್ತಿ ಮಾತಿಲ್ಲ. ಓನರ್ ತಮ್ಮ ಕನೆಕ್ಷನ್ನೇ ಬಳಸಿಕೊಳ್ಳಿ ಅಂದರು, ಬೇಡ ಅಂದೆ. ಸಿಲಿಂಡರ್ ಬಂದಾಗ ಓಟಿಪಿ ಹೋಗೋದು ಅವರ ಫೋನಿಗೆ, ಅವರು ಮದುವೆಯಲ್ಲೋ ಜಾತ್ರೆಯಲ್ಲೋ ಇದ್ದರೆ ಡೆಲಿವರಿ ಹುಡುಗ ಬಾಗಿಲಲ್ಲಿ ಕಾಯಬೇಕು. ಹಳೇ ಊರಿನಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಅವರು ಕೊಟ್ಟ ಟರ್ಮಿನೇಷನ್ ವೋಚರನ್ನ ಇಲ್ಲಿನ ಏಜೆನ್ಸಿಗೆ ಕೊಟ್ಟು ನನ್ನ ಹೆಸರಲ್ಲೇ ಮಾಡಿಸಿಕೊಂಡೆ.

ಮನೆ ಬಿಡುವಾಗಿನ ಒಂದು ಸಾಲೂ ಕರಾರಿನಲ್ಲಿದೆ. ಟ್ಯಾಂಕರ್ ಲೆಕ್ಕ ತಿಂಗಳು ಮುಗಿದ ಮೇಲೆ ಬರುತ್ತೆ, ಕರೆಂಟ್ ಬಿಲ್ಲೂ ಹಾಗೇ. ಅದನ್ನೇ ನೆಪ ಮಾಡಿ ಪೂರ್ತಿ ಅಡ್ವಾನ್ಸ್ ಹಿಡಿದುಕೊಳ್ಳೋದು ಇಲ್ಲಿ ಮಾಮೂಲು. ನಮ್ಮದರಲ್ಲಿ ಹೀಗೆ ಬರೆದಿದೆ: ಕೀ ಕೊಟ್ಟ ದಿನ 3,000 ಮಾತ್ರ ಹಿಡಿದುಕೊಂಡು ಉಳಿದ ಅಡ್ವಾನ್ಸ್ ಕೊಡಬೇಕು, ಕೊನೇ ರಸೀದಿಗಳು ಬಂದ ಮೇಲೆ ಆ 3,000ದ ಲೆಕ್ಕ ಮುಗಿಸಬೇಕು.