ಕೀ ಕೊಟ್ಟ ಸಂಜೆ: ಬ್ಯಾಂಕ್ ಕೆಲಸ ಬಿಟ್ಟಾಗ ನಾನು ಚಾರ್ಜ್ ಒಪ್ಪಿಸಿದ್ದು ಹೀಗೆ

ರಾಜೀನಾಮೆ ಪತ್ರ ಬರೆಯೋದು ಎರಡು ಸಾಲಿನ ಕೆಲಸ. ನಾನಿದ್ದದ್ದು ಸರ್ಕಾರಿ ಬ್ಯಾಂಕೊಂದರ ತಾಲೂಕು ಕೇಂದ್ರದ ಶಾಖೆಯಲ್ಲಿ, ಎರಡನೇ ಸ್ಕೇಲ್ ಅಧಿಕಾರಿಯಾಗಿ. ನಿಯಮದ ಪ್ರಕಾರ ಮೂರು ತಿಂಗಳ ನೋಟಿಸ್ ಕೊಡಬೇಕು. ಮೇಲಿನವರು ಮನಸ್ಸು ಮಾಡಿದರೆ ಅದನ್ನು ಕಡಿಮೆ ಮಾಡಬಹುದು. ಪತ್ರ ಕೊಟ್ಟ ಕೂಡಲೇ ಬಿಡುಗಡೆ ಆಯ್ತು ಅಂತ ಅಲ್ಲ, ಅವರು ಅಂಗೀಕರಿಸಬೇಕು. ಇನ್ನೊಂದು ಮಾತು: 1995ರ ಪಿಂಚಣಿ ನಿಯಮಕ್ಕೆ ಸೇರಿದವರು ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿ ಲೆಕ್ಕದಿಂದ ಹೋಗುತ್ತದೆ. ಇಪ್ಪತ್ತು ವರ್ಷ ತುಂಬಿದವರಿಗೆ ಸ್ವಯಂ ನಿವೃತ್ತಿಯ ದಾರಿ ಇದೆ. ನಾನು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನವಳು, ಹಾಗಾಗಿ ಆ ತಲೆನೋವು ಇರಲಿಲ್ಲ.

ತಲೆನೋವು ಇದ್ದದ್ದು ಕೀಯಲ್ಲಿ. ಸ್ಟ್ರಾಂಗ್ ರೂಮಿನ ಸೇಫಿಗೆ ನಾನು ಮತ್ತು ಹೆಡ್ ಕ್ಯಾಷಿಯರ್ ಜಾಯಿಂಟ್ ಕಸ್ಟೋಡಿಯನ್. ಒಂದು ಕೀ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯೋದಿಲ್ಲ. ಅಂದರೆ ಒಳಗಿರುವ ಪ್ರತಿ ನೋಟಿಗೂ ಪ್ರತಿ ಗ್ರಾಂ ಚಿನ್ನಕ್ಕೂ ನಾವಿಬ್ಬರೂ ಹೊಣೆ. ರಿಲೀವಿಂಗ್ ಲೆಟರ್ ಕೈಗೆ ಬಂದರೂ ಕೀ ರಿಜಿಸ್ಟರಿನಲ್ಲಿ ಕೊಟ್ಟವರ ಸಹಿ, ಪಡೆದವರ ಸಹಿ, ದಿನ, ಹೊತ್ತು ಬೀಳುವ ತನಕ ಆ ಹೊಣೆ ಇಳಿಯೋದಿಲ್ಲ.

ನನ್ನ ಜಾಗಕ್ಕೆ ಬಂದವರು ಪಕ್ಕದ ಶಾಖೆಯ ಯುವ ಅಧಿಕಾರಿ. ಅವರಿಗೆ ಬೆಳಿಗ್ಗೆಯೇ ಚಾರ್ಜ್ ತಗೊಂಡು ಮುಗಿಸುವ ಆಸೆ. ನಾನು ಒಪ್ಪಲಿಲ್ಲ. ಬೆಳಿಗ್ಗೆ ಕೌಂಟರ್ ಶುರುವಾದ ಮೇಲೆ ನಗದು ಒಳಗೆ ಹೊರಗೆ ಓಡಾಡುತ್ತಿರುತ್ತದೆ, ಎಣಿಸಿದ್ದು ಯಾವ ಲೆಕ್ಕಕ್ಕೆ ಹೊಂದಬೇಕು ಅಂತಲೇ ಗೊತ್ತಾಗೋದಿಲ್ಲ. ಸಂಜೆ ಕ್ಯಾಷ್ ಕ್ಲೋಸ್ ಆದ ಮೇಲೆ ಸಿಸ್ಟಮ್ಮಿನ ಬಾಕಿಯೂ ಕ್ಯಾಷ್ ಬುಕ್ಕಿನ ಬಾಕಿಯೂ ಒಂದೇ ಆಗಿ ನಿಂತಿರುತ್ತವೆ. ಎಣಿಸೋದು ಆಗ. ಆ ರಾತ್ರಿಯೇ ಕೀ ಹೊಸಬರ ಕೈಯಲ್ಲಿ ಇರಬೇಕು. ಮರುದಿನ ಬಾಗಿಲು ತೆಗೆಯುವವರು ಅವರೇ ಅಲ್ವಾ?

"ಮೇಡಂ, ಬಂಡಲ್ ಎಲ್ಲ ಬಿಚ್ಚೋದು ಬೇಡ ಬಿಡಿ. ಬ್ಯಾಲೆನ್ಸ್ ಟ್ಯಾಲಿ ಇದೆಯಲ್ಲ" ಅಂದರು. ಅದಕ್ಕೆ ಉತ್ತರ ಕೊಟ್ಟವರು ನಮ್ಮ ಹೆಡ್ ಕ್ಯಾಷಿಯರ್. "ಎಣಿಸಿಕೊಳ್ಳಿ ಸಾರ್. ನಾಳೆ ಕಮ್ಮಿ ಬಂದ್ರೆ ಮೇಡಂ ಇಲ್ಲಿರಲ್ಲ, ನಿಮ್ಮ ತಲೆಗೆ ನನ್ನ ತಲೆಗೆ ಬರುತ್ತೆ."

ಒಂದು ಬಂಡಲ್ ಅಂದರೆ ಹತ್ತು ಪ್ಯಾಕೆಟ್, ಸಾವಿರ ನೋಟು. ಐನೂರರ ಬಂಡಲ್ ಒಂದಕ್ಕೆ ಐದು ಲಕ್ಷ. ಐನೂರರದನ್ನೆಲ್ಲ ಪ್ಯಾಕೆಟ್ ಬಿಚ್ಚಿ ಮಷಿನ್ನಿಗೆ ಹಾಕಿದೆವು. ಮಧ್ಯದಲ್ಲಿ ಒಂದು ನೂರರ ನೋಟು ಸಿಕ್ಕಿಕೊಂಡಿದ್ದರೂ ಹೊರಗಿನಿಂದ ಕಾಣೋದಿಲ್ಲ. ಚಿಕ್ಕ ನೋಟುಗಳಲ್ಲಿ ಅಲ್ಲೊಂದು ಇಲ್ಲೊಂದು ಬಂಡಲ್ ಪೂರ್ತಿ ಎಣಿಸಿ, ಉಳಿದವುಗಳ ಪ್ಯಾಕೆಟ್ ಎಣಿಸಿದೆವು. ಹರಿದ ನೋಟು, ಚಿಲ್ಲರೆ ಬೇರೆ ಬೇರೆ. ಎಲ್ಲವನ್ನೂ ಮುಖಬೆಲೆವಾರು ಬರೆದು ಮೂವರೂ ಸಹಿ ಹಾಕಿದೆವು. ಎಟಿಎಂ ತೆರೆಯುವ ಗುಟ್ಟಿನ ಅಂಕಿ, ಅಂದರೆ ಕಾಂಬಿನೇಶನ್ನನ್ನು ಹೊಸಬರೇ ಬದಲಿಸಿ ಹಾಕಿಕೊಂಡರು, ನಾನು ಆ ಕಡೆ ತಿರುಗಿ ನಿಂತೆ.

ನಿಜವಾಗಿ ಹೊತ್ತು ಹಿಡಿದದ್ದು ಚಿನ್ನ. ಸಿಸ್ಟಮ್ಮಿನಿಂದ ಚಾಲ್ತಿ ಇರುವ ಚಿನ್ನದ ಸಾಲಗಳ ಪಟ್ಟಿ ತೆಗೆದೆವು: 186 ಖಾತೆ. ಸೇಫಿನಲ್ಲಿ ಚೀಲ 187. ಹೊಸಬರ ಮುಖ ಬಿಳಿಚಿಕೊಂಡಿತು. ಚೀಲ ಜಾಸ್ತಿ ಇದ್ದರೆ ಅಷ್ಟು ಭಯ ಬೇಡ, ಸಾಲ ಚಾಲ್ತಿಯಿದ್ದು ಚೀಲವೇ ಇಲ್ಲದಿದ್ದರೆ ಆಗ ಭಯ. ಆದರೆ ಬರೀ ಸಂಖ್ಯೆ ನೋಡಿ ಏನೂ ಹೇಳಲಾಗದು. ಒಂದು ಚೀಲ ಜಾಸ್ತಿ, ಒಂದು ಕಮ್ಮಿ ಇದ್ದರೆ ಲೆಕ್ಕ ಸರಿಯಾಗೇ ಕಾಣುತ್ತದೆ. ಹಾಗಾಗಿ ಪ್ರತಿ ಚೀಲದ ಮೇಲಿನ ಖಾತೆ ನಂಬರ್ ಓದಿ ಪಟ್ಟಿಯಲ್ಲಿ ಟಿಕ್ ಹಾಕುತ್ತ ಹೋದೆವು. ಸೀಲ್ ಹಾಗೇ ಇದೆಯಾ, ಚೀಟಿಯಲ್ಲಿ ತೂಕವೂ ಚಿನ್ನ ಪರೀಕ್ಷಿಸುವ ಅಪ್ರೈಸರ್ ಸಹಿಯೂ ಇದೆಯಾ ಅಂತ ನೋಡಿದೆವು.

ಕೊನೆಗೆ ಉಳಿದ ಚೀಲ ತೀರಿಹೋದ ಗ್ರಾಹಕರೊಬ್ಬರದು. ಮಗ ಸಾಲ ಕಟ್ಟಿ ಖಾತೆ ಕ್ಲೋಸ್ ಮಾಡಿಸಿದ್ದರು. ಹೊರದೇಶದಲ್ಲಿದ್ದ ಮಗಳ ಒಪ್ಪಿಗೆ ಪತ್ರ ಬಂದಿರಲಿಲ್ಲ, ಹಾಗಾಗಿ ಒಡವೆ ಕೊಟ್ಟಿರಲಿಲ್ಲ. ಸಾಲ ಮುಗಿದ ಮೇಲೆ ಸಿಸ್ಟಮ್ಮಿನ ಪಟ್ಟಿಯಲ್ಲಿ ಆ ಹೆಸರು ಬರೋದಿಲ್ಲ. ಅದು ಇರುವುದು ರಿಜಿಸ್ಟರಿನ ಒಂದು ಸಾಲಿನಲ್ಲಿ ಮಾತ್ರ. ಎಲ್ಲರ ಎದುರು ಚೀಲ ತೆರೆದು ತೂಗಿದೆವು. ಒಂದು ಸರ, ಎರಡು ಬಳೆ, ಒಂದು ಜೊತೆ ಓಲೆ. ಚೀಟಿಯಲ್ಲಿದ್ದ ತೂಕಕ್ಕೆ ಹೊಂದಿತು. ಮತ್ತೆ ಸೀಲ್ ಮಾಡಿ, ಚಾರ್ಜ್ ಪಟ್ಟಿಯಲ್ಲಿ ಅದಕ್ಕೇ ಒಂದು ಕಲಂ ಬರೆದೆ: ಯಾರ ಪತ್ರ ಬರಬೇಕು, ಬಂದ ಮೇಲೆ ಯಾರಿಗೆ ಕೊಡಬೇಕು. ಇಂಥದ್ದನ್ನು ಬಾಯಲ್ಲಿ ಹೇಳಿ ಬಂದರೆ ಹೊಸಬರು ಒಂದು ವಾರದಲ್ಲಿ ಮರೆಯುತ್ತಾರೆ, ಅದು ಅವರ ತಪ್ಪೂ ಅಲ್ಲ.

ಡೂಪ್ಲಿಕೇಟ್ ಕೀಗಳ ಸೆಟ್ ಇನ್ನೊಂದು ಶಾಖೆಯಲ್ಲಿ ಸೀಲ್ ಮಾಡಿದ ಪೊಟ್ಟಣದಲ್ಲಿತ್ತು. ಅದರ ರಸೀದಿಯನ್ನೂ ಕೊಟ್ಟು ರಿಜಿಸ್ಟರಿನಲ್ಲಿ ಬರೆಸಿದೆ.

ಸಹಿಯ ಅಧಿಕಾರ ಕೀಯಂತೆ ಕಣ್ಣಿಗೆ ಕಾಣೋದಿಲ್ಲ. ಯೂಸರ್ ಐಡಿ ಬಂದ್ ಮಾಡಲು ರೀಜನಲ್ ಆಫೀಸಿಗೆ ಮೇಲ್ ಹಾಕಿಸಿ, ಬಂದ್ ಆಯ್ತು ಅನ್ನುವ ಉತ್ತರ ಬರುವ ತನಕ ಕಾದೆ. ಐಡಿ ಜೀವಂತ ಇರುವಷ್ಟು ಹೊತ್ತು ಅದರಲ್ಲಿ ಪಾಸಾದ ವೋಚರ್ ನನ್ನ ಹೆಸರಿನದೇ. ಜಾಸ್ತಿ ಜನ ಮರೆಯೋದು ಇನ್ನೊಂದನ್ನು. ನಗದು ತರೋದಕ್ಕೆ ಅಂತ ನಮ್ಮ ಶಾಖೆಯ ಹೆಸರಿನಲ್ಲಿ ಊರಿನ ಬೇರೊಂದು ಬ್ಯಾಂಕಿನಲ್ಲಿ ಖಾತೆ ಇತ್ತು, ಅದರ ಚೆಕ್ಕಿಗೆ ಸಹಿ ಮಾಡುವವರಲ್ಲಿ ನಾನೂ ಒಬ್ಬಳು. ನಮ್ಮ ಬ್ಯಾಂಕಿನ ಸಿಸ್ಟಮ್ಮಿನಲ್ಲಿ ನನ್ನ ಹೆಸರು ತೆಗೆದರೆ ಆ ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ನನ್ನ ಸಹಿ ರದ್ದು, ಹೊಸಬರ ಮಾದರಿ ಸಹಿ ಇದು ಅಂತ ಮ್ಯಾನೇಜರ್ ಕೈಲಿ ಪತ್ರ ಬರೆಸಿ, ಆ ಬ್ಯಾಂಕಿನ ಸೀಲ್ ಬಿದ್ದ ಪ್ರತಿ ಫೈಲಿಗೆ ಹಾಕಿದೆ.

ಬಾಕಿ ಫೈಲುಗಳನ್ನು ನಾನು ವಿಷಯವಾರು ಜೋಡಿಸಲಿಲ್ಲ, ತಾರೀಕುವಾರು ಜೋಡಿಸಿದೆ. ಎಲ್ಲಕ್ಕಿಂತ ಮೇಲೆ ಇಟ್ಟದ್ದು ಅಂಗಡಿಯವರೊಬ್ಬರ ಸಾಲದ ಫೈಲ್. ಕೇಳಿದಾಗ ಸಾಲ ತೀರಿಸುತ್ತೇನೆ ಅಂತ ಸಾಲಗಾರ ಬರೆದುಕೊಡುವ ಡಿಮಾಂಡ್ ಪ್ರಾಮಿಸರಿ ನೋಟಿನ ಮೇಲೆ ಕೋರ್ಟಿಗೆ ಹೋಗಲು ಬರೆದ ದಿನದಿಂದ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲೇ ಸಾಲಗಾರ ಬಾಕಿ ಇದೆ ಅಂತ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಒಂದು ದಿನ ತಡವಾದರೂ ಆ ಸಹಿಯಿಂದ ಕಾಲಮಿತಿ ಮುಂದೆ ಹೋಗೋದಿಲ್ಲ. ಈ ಫೈಲಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ಸಾಲಗಾರರು ಅಂಗಡಿ ಮುಚ್ಚಿ ಬೆಂಗಳೂರು ಸೇರಿದ್ದರು. ಕಡೆಯ ತಾರೀಕು, ಜಾಮೀನುದಾರರ ಮನೆ ಎಲ್ಲಿ, ಹಬ್ಬಕ್ಕೆ ಸಾಲಗಾರರು ಯಾವಾಗ ಊರಿಗೆ ಬರುತ್ತಾರೆ, ಇಷ್ಟನ್ನೂ ಮೇಲಿನ ಹಾಳೆಯಲ್ಲಿ ಬರೆದಿಟ್ಟೆ. ಯಾವ ಲೆಕ್ಕಕ್ಕೆ ಸೇರಬೇಕೆಂದು ತೀರ್ಮಾನವಾಗದ ಮೊತ್ತ ಇಡುವ ಸಸ್ಪೆನ್ಸ್ ಖಾತೆಯ ಹಳೆ ಎಂಟ್ರಿಗಳಿಗೂ ಒಂದೊಂದು ಸಾಲಿನ ವಿವರಣೆ ಕೊಟ್ಟೆ.

ಪಟ್ಟಿಗೆ ನಾಲ್ಕು ಪ್ರತಿ: ಶಾಖೆಗೆ, ರೀಜನಲ್ ಆಫೀಸಿಗೆ, ಹೊಸಬರಿಗೆ, ನನಗೆ. ಗ್ರಾಹಕರ ಕಾಗದ ಒಂದನ್ನೂ ಮನೆಗೆ ತರಲಿಲ್ಲ, ತರಲೂ ಬಾರದು. ನನ್ನ ಪ್ರತಿಯಲ್ಲಿ ಖಾತೆ ನಂಬರ್ ಜಾಗದಲ್ಲಿ ರಿಜಿಸ್ಟರಿನ ಕ್ರಮಸಂಖ್ಯೆ ಮಾತ್ರ ಇದೆ. ಮುಂದೆ ಆಡಿಟ್‌ನವರು ಫೋನ್ ಮಾಡಿ ಆ ಜಾಸ್ತಿ ಚೀಲದ ಬಗ್ಗೆ ಕೇಳಿದಾಗ, ಪಟ್ಟಿ ತೆಗೆದು ಕಲಂ ಓದಿ ಹೇಳಿದೆ. ಮಾತು ಅಲ್ಲಿಗೇ ಮುಗಿಯಿತು.