ಅಪ್ಪ–ಅಮ್ಮನಿಗೆ ಬಿಪಿ ಇದೆಯೇ? ನಿಮ್ಮ ತಪಾಸಣೆ ಎಂದಿನಿಂದ?

ಮೊದಲ ಕೆಲಸ ಮನೆಯಲ್ಲೇ ಇದೆ: ಹೆತ್ತವರನ್ನೂ ಒಡಹುಟ್ಟಿದವರನ್ನೂ ಕೇಳಿ. ಬಿಪಿ ಇದೆಯೇ ಎಂದಷ್ಟೇ ಅಲ್ಲ, ಯಾವ ವಯಸ್ಸಿನಲ್ಲಿ ಗೊತ್ತಾಯಿತು ಎಂದು ಕೇಳಿ. 70 ದಾಟಿದ ಮೇಲೆ ಒಬ್ಬರಿಗೆ ಬಂದದ್ದಕ್ಕಿಂತ, 50ರೊಳಗೆ ಇಬ್ಬರಿಗೂ ಬಂದಿದ್ದರೆ ಅದು ಬಲವಾದ ಸುಳಿವು.

ತಲೆನೋವು, ತಲೆಸುತ್ತು ಬಂದಾಗ ನೋಡಿಕೊಳ್ಳೋಣ ಎಂದು ಕಾಯಬೇಡಿ. ರಕ್ತದೊತ್ತಡ ಏರಿದ್ದರೂ ಬಹುತೇಕರಿಗೆ ಏನೂ ಅನ್ನಿಸುವುದಿಲ್ಲ. 18 ತುಂಬಿದ ಮೇಲೆ ಒಮ್ಮೆ ಅಳೆಸಿಕೊಳ್ಳಿ. ಒತ್ತಡ ಸರಿಯಿದ್ದು ಬೇರೆ ಅಪಾಯವಿಲ್ಲದವರಿಗೆ 40ರವರೆಗೆ ಮೂರರಿಂದ ಐದು ವರ್ಷಕ್ಕೊಮ್ಮೆ, 40ರ ನಂತರ ಪ್ರತಿ ವರ್ಷ ಎಂಬುದು ಸಾಮಾನ್ಯ ಕ್ರಮ. ಹೆತ್ತವರಿಗೆ ಬೇಗನೆ ಬಂದಿದ್ದರೆ ಆ ಅಂತರ ಉದ್ದವಾಯಿತು ಎಂದೇ ನನ್ನ ಅಭಿಪ್ರಾಯ. ಅಂಥವರು 18ರಿಂದಲೇ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲಿ. ಎರಡು ನಿಮಿಷದ ಕೆಲಸವದು.

ಆದರೆ ಆ ಎರಡು ನಿಮಿಷವೇ ಹೆಚ್ಚಾಗಿ ಕೆಡುವುದು. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿಯ ತೋಳಿಗೆ ಸುತ್ತಿರಲಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಒತ್ತಡ ಕಾಣುತ್ತದೆ. ಅಳೆಯುವಾಗ ಮಾತಾಡಿದರೂ ಅಷ್ಟೇ. ಮೊದಲ ಸಲ ಎರಡೂ ತೋಳು ನೋಡಿಸಿ. ಹೆಚ್ಚು ಬಂದ ತೋಳಲ್ಲೇ ಮುಂದೆಯೂ ಅಳೆಸಿ.

ಒಂದು ಉದಾಹರಣೆ ನೋಡೋಣ. ವಯಸ್ಸು 32, ತಂದೆಗೆ 46ರಲ್ಲಿ, ತಾಯಿಗೆ 49ರಲ್ಲಿ ಬಿಪಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಕ್ಲಿನಿಕ್ಕಿನಲ್ಲಿ 146/92 ಬಂತು. ಕೂತು ವಿಶ್ರಮಿಸಿದ ಮೇಲೆ 136/86, ನಿಮಿಷ ಬಿಟ್ಟು 134/84. ಮೊದಲ ಅಂಕಿ ನೋಡಿ ಮಾತ್ರೆ ಶುರುಮಾಡುವುದೂ ತಪ್ಪು, ಕೊನೆಯದನ್ನು ನೋಡಿ ಮರೆತುಬಿಡುವುದೂ ತಪ್ಪು. ಇಂಥವರು ತೋಳಿಗೆ ಕಟ್ಟುವ ಯಂತ್ರದಲ್ಲಿ ಏಳು ದಿನ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಮನೆಯಲ್ಲೇ ಅಳೆದು ಬರೆದಿಡಬೇಕು. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಮನೆಯ ಸರಾಸರಿ 135/85 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ; ಕ್ಲಿನಿಕ್ಕಿನಲ್ಲಾದರೆ ಆ ಗೆರೆ 140/90. ಇಲ್ಲಿ 128/80 ಬಂತೆನ್ನಿ. ಕಾಯಿಲೆ ಅಲ್ಲ, ಆದರೆ ಏರುಮುಖ. ಉಪ್ಪು, ತೂಕದ ಕಡೆ ಗಮನ ಕೊಟ್ಟು ಆರು ತಿಂಗಳಿಗೇ ಮತ್ತೆ ಅಳೆಸುವುದು ಒಳ್ಳೆಯದು.

ಸರಾಸರಿ ಗೆರೆ ದಾಟಿದ್ದು, ನಿಮಗಿನ್ನೂ 40 ಆಗಿಲ್ಲವಾದರೆ, ವಂಶದಿಂದ ಬಂದದ್ದು ಎಂದು ಅಲ್ಲಿಗೇ ಬಿಡಬೇಡಿ. ಮೂತ್ರಪಿಂಡದ ಅಥವಾ ಹಾರ್ಮೋನಿನ ತೊಂದರೆಯಿಂದಲೂ ಹೀಗಾಗಬಹುದು; ಅದನ್ನು ಪರೀಕ್ಷಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.