ಬಾಡಿಗೆಯ ದಿನಾಂಕ ಬದಲಿಸಲು ಕೇಳುವ ಪತ್ರದಲ್ಲಿ ಇದೊಂದು ಸಾಲು ಇರಲಿ
ಸಂಬಳ 1ರ ಬದಲು 7ಕ್ಕೆ ಬರತೊಡಗಿದ್ದರೆ, ಮನೆ ಮಾಲೀಕರಿಗೆ ಬರೆಯುವ ಪತ್ರದಲ್ಲಿ ನಡುವಿನ ದಿನಗಳ ಬಾಡಿಗೆಯನ್ನು ಮೊದಲೇ ಕೊಡುವುದಾಗಿ ಹೇಳಿ. ಉದಾಹರಣೆಗೆ: ‘ಜೂನ್ 1ರಿಂದ 7ರವರೆಗಿನ ಬಾಡಿಗೆಯನ್ನು, ಅಂದರೆ ತಿಂಗಳ ಬಾಡಿಗೆಯ 30ರಲ್ಲಿ 7 ಪಾಲನ್ನು, 1ರಂದೇ ಕೊಡುತ್ತೇನೆ. ಅಲ್ಲಿಂದ ಮುಂದೆ ಪ್ರತಿ ತಿಂಗಳು 8ರಂದು ಪೂರ್ತಿ ಬಾಡಿಗೆ ಸಲ್ಲಿಸುತ್ತೇನೆ.’ ಹೀಗೆ ಬರೆದರೆ ಒಂದು ದಿನದ ಬಾಡಿಗೆಯೂ ಬಾಕಿ ಉಳಿಯುವುದಿಲ್ಲ. ಬಾಡಿಗೆಯ ತಿಂಗಳೇ 8ರಿಂದ ಮುಂದಿನ ತಿಂಗಳ 7ರವರೆಗೆ ಎಂದಾಗುತ್ತದೆ. ಮಾಲೀಕರು ಅಂಜುವುದು ತಡಕ್ಕಲ್ಲ, ಬಾಕಿಗೆ. ಆದರೆ ಅವರ ಸಾಲದ ಕಂತು 5ಕ್ಕೇ ಇದ್ದರೆ ಈ ಉಪಾಯ ನಡೆಯುವುದು ಕಷ್ಟ. ಇನ್ನೊಂದು ಮಾತು: ಒಪ್ಪಿಗೆ ಬರಹದಲ್ಲಿ ಕೈಸೇರುವವರೆಗೂ ಹಳೆಯ ದಿನಾಂಕವೇ ಲೆಕ್ಕ, ಬಾಯಿಮಾತಿನ ‘ಆಯ್ತು’ ನಂಬಿ ತಡಮಾಡಬೇಡಿ.